ಹತ್ತು ರೂಪಾಯಿಗೆ ಎಷ್ಟು ಪ್ರೋಟೀನ್? ಒಂದು ಟಿಬಿ ಮನೆಯ ಲೆಕ್ಕ



ಇವತ್ತು ಭಾಷಣ ಇಲ್ಲ, ಬರೀ ಲೆಕ್ಕ. ಆಫೀಸಲ್ಲಿ ಇಪ್ಪತ್ತು ವರ್ಷದಿಂದ ನಾನು ಮಾಡ್ತಿರೋದೇ ಅದು. ಬಿಲ್ಲು, ವೋಚರ್, ಕೂಡೋದು, ಕಳೆಯೋದು. ಆ ಕೆಲಸ ನಮ್ಮ ಜನರ ಅಡುಗೆಮನೆಗೆ ಬೇಕಾಗಬಹುದು ಅಂತ ನನಗೆ ಹೊಳೆದದ್ದು ಹೋದ ವರ್ಷ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ನಿಮ್ಮ ಕೇರಿಯಲ್ಲಿ ಟಿಬಿ ಮಾತ್ರೆ ನುಂಗ್ತಿರೋರು ಯಾರಾದ್ರೂ ಇದ್ದರೆ ಅವರ ಮನೆಯವರಿಗೆ ಓದಿ ಹೇಳಿ.

ನಮ್ಮ ಸಂಘಟನೆಯಲ್ಲಿ ಒಬ್ಬ ತಮ್ಮ ಇದ್ದಾನೆ. ಹೆಸರು ಬೇಡ. ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ. ಐವತ್ತು ಕೆಜಿ ಮೂಟೆ ಹೊರುತ್ತಿದ್ದವನಿಗೆ ಕೆಮ್ಮು ಶುರುವಾಗಿ, ಕಫ ಪರೀಕ್ಷೆ ಆಗಿ, ಟಿಬಿ ಅಂತ ಗೊತ್ತಾದ ದಿನ ಅವನದೇ ತೂಕ 41 ಕೆಜಿ. ಎತ್ತರ ಐದಡಿ ನಾಲ್ಕಿಂಚು. ಆ ಎತ್ತರಕ್ಕೆ 55 ಕೆಜಿ ಆದ್ರೂ ಇರಬೇಕು. ಮನೆಯಲ್ಲಿ ಹೆಂಡತಿ, ಪಿಯುಸಿ ಓದೋ ಮಗ, ಏಳನೇ ಕ್ಲಾಸಿನ ಮಗಳು.

ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಊಟಕ್ಕೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಬರುತ್ತೆ. 2018ರಲ್ಲಿ ಶುರುವಾದಾಗ ಐನೂರಿತ್ತು, 2024ರ ನವೆಂಬರ್‌ನಿಂದ ಸಾವಿರ ಆಯ್ತು. ದಿನಕ್ಕೆ ಲೆಕ್ಕ ಹಾಕಿದ್ರೆ 33 ರೂಪಾಯಿ.

ಮೊದಲನೇ ತಿಂಗಳು ಆ ಸಾವಿರ ಹೇಗೆ ಖರ್ಚಾಯ್ತು ಅಂತ ಆ ತಂಗಿಯನ್ನೇ ಕೇಳಿದೆ. "ಎಲ್ಲಾರೂ ಪ್ರೋಟೀನ್ ಕೊಡಿ ಅಂದ್ರಣ್ಣ. ಪೌಡರ್ ಡಬ್ಬ ತಂದೆ, ವಾರಕ್ಕೊಂದು ಸಲ ಪನೀರ್ ತಂದೆ, ಮಿಕ್ಕಿದ್ದಕ್ಕೆ ಸೇಬು" ಅಂದ್ಲು. ಚೀಟಿಗಳನ್ನ ಡಬ್ಬದಲ್ಲಿ ಎತ್ತಿಟ್ಟಿದ್ದಳು. ಪೌಡರ್ 200 ಗ್ರಾಂ, 350 ರೂಪಾಯಿ. ಪನೀರ್ 200 ಗ್ರಾಂನ ನಾಲ್ಕು ಪ್ಯಾಕೆಟ್, 320 ರೂಪಾಯಿ. ಸೇಬಿಗೆ 330.

ನಾನು ಅಲ್ಲೇ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಕೂಡಿದೆ. ಪೌಡರ್ ಡಬ್ಬದ ಮೇಲೆ ನೂರು ಗ್ರಾಂಗೆ 32 ಗ್ರಾಂ ಪ್ರೋಟೀನ್ ಅಂತ ಬರೆದಿತ್ತು, ಅಂದರೆ ಡಬ್ಬಕ್ಕೆಲ್ಲ 64 ಗ್ರಾಂ. ಪನೀರಿನಲ್ಲಿ ನೂರು ಗ್ರಾಂಗೆ ಸುಮಾರು 18, ಅಂದರೆ 800 ಗ್ರಾಂಗೆ ಸುಮಾರು 145 ಗ್ರಾಂ. ಸೇಬಿನಲ್ಲಿ ಪ್ರೋಟೀನ್ ಇಲ್ಲ ಅಂದ್ರೂ ನಡೆಯುತ್ತೆ. ಎಲ್ಲಾ ಸೇರಿ ತಿಂಗಳಿಗೆ ಸುಮಾರು 210 ಗ್ರಾಂ. ಮೂವತ್ತು ದಿನಕ್ಕೆ ಭಾಗಿಸಿ, ದಿನಕ್ಕೆ 7 ಗ್ರಾಂ. ಒಂದು ಮೊಟ್ಟೆಗಿಂತ ಚೂರೇ ಜಾಸ್ತಿ! ಸಾವಿರ ರೂಪಾಯಿ ಪೂರ್ತಿ ಮುಗಿದಿತ್ತು. ಅವನ ತೂಕ 41ರಿಂದ 41.3ಕ್ಕೆ ಬಂದಿತ್ತು.

ಆ ತಂಗಿಯದು ತಪ್ಪು ಅಂತ ನಾನು ಹೇಳ್ತಿಲ್ಲ. ಒಳ್ಳೆ ಊಟ ಅಂದರೆ ದುಡ್ಡಿದ್ದವರು ತಿನ್ನೋದು ಅಂತ ನಮಗೆ ಕಲಿಸಿರೋರು ಯಾರು? ಪನೀರ್, ಸೇಬು, ಡಬ್ಬದ ಪುಡಿ ಇವು ಅವರ ಮನೆಯ ಒಳ್ಳೆ ಊಟ. ನಮ್ಮ ಮನೆಯ ಹುರುಳಿ, ಕಡಲೆ, ಮೊಟ್ಟೆಯನ್ನ ಪ್ರೋಟೀನ್ ಅಂತ ಹೆಸರು ಹಿಡಿದು ಯಾರೂ ಕರೆಯಲ್ಲ.

ಸರಿ, ಲೆಕ್ಕಕ್ಕೆ ಬರೋಣ.

ಕೆಜಿ ಲೆಕ್ಕದಲ್ಲಿ ಹೋಲಿಸಿದ್ರೆ ತಲೆ ಕೆಡುತ್ತೆ. ಮೊಟ್ಟೆ ಎಣಿಸಿ ಕೊಡ್ತಾರೆ, ಹಾಲು ಲೀಟರ್, ಬೇಳೆ ಕೆಜಿ. ಅದಕ್ಕೆ ನಾನು ಒಂದೇ ಪ್ರಶ್ನೆ ಇಟ್ಕೊಂಡೆ. ಹತ್ತು ರೂಪಾಯಿ ಕೊಟ್ಟರೆ ಎಷ್ಟು ಗ್ರಾಂ ಪ್ರೋಟೀನ್ ಬರುತ್ತೆ, ಎಷ್ಟು ಕ್ಯಾಲೊರಿ ಬರುತ್ತೆ? ಬೆಲೆಗಳು ನಮ್ಮ ಪೇಟೆಬೀದಿ ಅಂಗಡಿಯಲ್ಲಿ ನಾನು ಆಗ ಕೊಟ್ಟ ಬೆಲೆ. ನಿಮ್ಮೂರಲ್ಲಿ ಬೇರೆ ಇರಬಹುದು, ಆಗ ನಿಮ್ಮ ಬೆಲೆ ಹಾಕಿ ಮತ್ತೆ ಭಾಗಿಸಿ. ಎಲ್ಲಾ ಒಣ ತೂಕ, ಬೇಯಿಸೋ ಮುಂಚಿನದು.

ಸೋಯಾ ಚಂಕ್ಸ್, ಬಿಡಿ (ಕೆಜಿ 140): ಪ್ರೋಟೀನ್ 37 ಗ್ರಾಂ, 245 ಕ್ಯಾಲೊರಿ
ಹುರುಳಿಕಾಳು (ಕೆಜಿ 80): 27 ಗ್ರಾಂ, 410 ಕ್ಯಾಲೊರಿ
ಮಸೂರ್ ಬೇಳೆ (ಕೆಜಿ 95): 25 ಗ್ರಾಂ, 340 ಕ್ಯಾಲೊರಿ
ಕಡಲೆಬೇಳೆ (ಕೆಜಿ 95): 22 ಗ್ರಾಂ, 345 ಕ್ಯಾಲೊರಿ
ಹೆಸರುಬೇಳೆ (ಕೆಜಿ 115): 21 ಗ್ರಾಂ, 285 ಕ್ಯಾಲೊರಿ
ತೊಗರಿಬೇಳೆ (ಕೆಜಿ 130): 17 ಗ್ರಾಂ, 255 ಕ್ಯಾಲೊರಿ
ಕಡಲೆಕಾಯಿ ಬೀಜ (ಕೆಜಿ 150): 16 ಗ್ರಾಂ, 350 ಕ್ಯಾಲೊರಿ
ಮೊಟ್ಟೆ (ಒಂದಕ್ಕೆ 7): 9 ಗ್ರಾಂ, 100 ಕ್ಯಾಲೊರಿ
ಹಾಲು, ಟೋನ್ಡ್ (ಲೀಟರ್ 46): 7 ಗ್ರಾಂ, 125 ಕ್ಯಾಲೊರಿ
ಪನೀರ್ (ಕೆಜಿ 400): 4.5 ಗ್ರಾಂ, 70 ಕ್ಯಾಲೊರಿ
ಅವಳು ತಂದ ಪೌಡರ್: 2 ಗ್ರಾಂಗಿಂತ ಕಮ್ಮಿ

ಸೋಯಾದಲ್ಲಿ ಒಂದು ಮಾತು. ಕಂಪನಿ ಪ್ಯಾಕೆಟ್ 200 ಗ್ರಾಂಗೆ 55 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಹತ್ತು ರೂಪಾಯಿಗೆ 19 ಗ್ರಾಂ ಮಾತ್ರ, ಬಿಡಿಯದರ ಅರ್ಧ. ಒಳಗಿರೋದು ಅದೇ ವಸ್ತು, ಎಣ್ಣೆ ತೆಗೆದ ಸೋಯಾ ಹಿಟ್ಟು. ಬಿಡಿ ತರುವಾಗ ಮೂಸಿ ನೋಡಿ. ಮುಗ್ಗಲು ವಾಸನೆ ಅಥವಾ ಹುಳ ಇದ್ದರೆ ಬೇಡ. ಅರ್ಧ ಕೆಜಿಗಿಂತ ಜಾಸ್ತಿ ಒಟ್ಟಿಗೆ ತರಬೇಡಿ.

ಈ ಪಟ್ಟಿ ನೋಡಿದ ಕೂಡಲೇ "ಹಾಗಿದ್ರೆ ಸಾವಿರ ರೂಪಾಯಿಗೂ ಸೋಯಾ ತಂದುಬಿಡೋಣ" ಅಂತ ಅನ್ನಿಸುತ್ತೆ. ನನಗೂ ಅನ್ನಿಸ್ತು. ಆದರೆ ರೂಪಾಯಿ ಲೆಕ್ಕ ಒಂದನ್ನೇ ಹಿಡ್ಕೊಂಡು ಹೋದರೆ ಎಲ್ಲಿಗೆ ಮುಟ್ಟುತ್ತೀವಿ ಅಂತ ತೋರಿಸ್ತೀನಿ. ಇನ್ನೊಂದು ಸಾಲು ಸೇರಿಸಿ. ಅಕ್ಕಿ ಕೆಜಿ 50 ಅಂದರೆ ಹತ್ತು ರೂಪಾಯಿಗೆ 200 ಗ್ರಾಂ, ಅದರಲ್ಲಿ ಪ್ರೋಟೀನ್ 15 ಗ್ರಾಂ, ಕ್ಯಾಲೊರಿ 700. ಮೊಟ್ಟೆಗಿಂತ ಅಕ್ಕಿಯೇ ಗೆದ್ದುಬಿಡ್ತು! "ಬಡವರಿಗೆ ಅಕ್ಕಿ ಕೊಟ್ಟಿದೀವಲ್ಲ, ಇನ್ನೇನು" ಅನ್ನೋರ ಲೆಕ್ಕ ಇದೇ.

ಇದರಲ್ಲಿ ಬಿಟ್ಟುಹೋಗಿರೋದು ಹೊಟ್ಟೆಯ ಜಾಗ. ನೂರು ಕ್ಯಾಲೊರಿಯಷ್ಟು ಅನ್ನ ತಿಂದರೆ ಬರೋ ಪ್ರೋಟೀನ್ 2 ಗ್ರಾಂ ಚಿಲ್ಲರೆ. ನೂರು ಕ್ಯಾಲೊರಿ ಬೇಳೆಯಲ್ಲಿ 6ರಿಂದ 7 ಗ್ರಾಂ. ಮೊಟ್ಟೆಯಲ್ಲಿ 9. ಸೋಯಾದಲ್ಲಿ 15. ನಮ್ಮ ತಮ್ಮನಿಗೆ ಇನ್ನೊಂದು 40 ಗ್ರಾಂ ಪ್ರೋಟೀನ್ ಅಕ್ಕಿಯಿಂದಲೇ ಸಿಗಬೇಕಂದ್ರೆ ಈಗ ತಿನ್ನೋದರ ಮೇಲೆ ಅರ್ಧ ಕೆಜಿಗೂ ಜಾಸ್ತಿ ಅಕ್ಕಿಯ ಅನ್ನ ತಿನ್ನಬೇಕು. ಟಿಬಿ ಮಾತ್ರೆ ನುಂಗಿ ವಾಕರಿಕೆ ಬರೋ ಮನುಷ್ಯ ಒಂದು ತಟ್ಟೆ ಅನ್ನ ಮುಗಿಸೋದೇ ಕಷ್ಟ.

ಎದುರು ದಿಕ್ಕಿನ ತಪ್ಪೂ ಇದೆ. ಬರೀ ಸೋಯಾ ತಿಂದರೆ ಪ್ರೋಟೀನ್ ಬರುತ್ತೆ, ಕ್ಯಾಲೊರಿ ಸಾಲಲ್ಲ. ದೇಹಕ್ಕೆ ಉರಿಯೋಕೆ ಸೌದೆ ಇಲ್ಲದಿದ್ರೆ ಅದು ಮನೆ ಕಟ್ಟೋಕೆ ತಂದ ಮರವನ್ನೇ ಉರಿಸುತ್ತೆ. ಅಂದರೆ ತಿಂದ ಪ್ರೋಟೀನ್ ಮಾಂಸಖಂಡ ಆಗೋ ಬದಲು ಇಂಧನವಾಗಿ ಸುಟ್ಟುಹೋಗುತ್ತೆ. ಅದಕ್ಕೇ ಎರಡೂ ಕಾಲಂ ಒಟ್ಟಿಗೆ ನೋಡಬೇಕು. ಆ ದೃಷ್ಟಿಯಲ್ಲಿ ಕಡಲೆಕಾಯಿ ಬೀಜ ನಮ್ಮ ಬಂಧು. ಒಂದು ಸಣ್ಣ ಹಿಡಿ, 30 ಗ್ರಾಂ, ನಾಲ್ಕೂವರೆ ರೂಪಾಯಿ. ಅದರಲ್ಲಿ 7 ಗ್ರಾಂ ಪ್ರೋಟೀನ್, 160 ಕ್ಯಾಲೊರಿ. ಬೇಯಿಸೋಕೆ ಗ್ಯಾಸ್ ಬೇಡ, ಹೊಟ್ಟೆ ಭಾರ ಇಲ್ಲ, ಜೇಬಿನಲ್ಲಿಟ್ಟು ತಿನ್ನಬಹುದು.

ಇನ್ನು ಮೊಟ್ಟೆ. ಪಟ್ಟಿಯಲ್ಲಿ ಅದು ತೊಗರಿಬೇಳೆಯ ಅರ್ಧ ಬೆಲೆಬಾಳುತ್ತೆ ಅಂತ ಕಾಣುತ್ತೆ. ಆದರೆ ಎಲ್ಲಾ ಪ್ರೋಟೀನೂ ಒಂದೇ ಅಲ್ಲ. ಮೊಟ್ಟೆಯದನ್ನು ದೇಹ ಹೆಚ್ಚುಕಡಿಮೆ ಪೂರ್ತಿ ಬಳಸಿಕೊಳ್ಳುತ್ತೆ, ಸೋಯಾದ್ದು ಅದರ ಹತ್ತಿರಕ್ಕೆ ಬರುತ್ತೆ. ಬೇಳೆ ಒಂದನ್ನೇ ತಿಂದರೆ ಬಳಕೆಯಾಗೋದು ಸುಮಾರು ಮೂರರಲ್ಲಿ ಎರಡು ಪಾಲು. ಯಾಕಂದ್ರೆ ಬೇಳೆಯಲ್ಲಿ ಮೆಥಿಯೊನಿನ್ ಅನ್ನೋ ಅಂಶ ಕಮ್ಮಿ. ಅಕ್ಕಿಯಲ್ಲಿ ಅದು ಇದೆ, ಆದರೆ ಲೈಸಿನ್ ಕಮ್ಮಿ. ಬೇಳೆಯಲ್ಲಿ ಲೈಸಿನ್ ಧಾರಾಳ. ಎರಡನ್ನೂ ಸೇರಿಸಿ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಅನ್ನ ಸಾರು, ಮುದ್ದೆ ಸಾರು ಸುಮ್ಮನೆ ಹುಟ್ಟಿದ ಜೋಡಿ ಅಲ್ಲ. ಇದನ್ನೆಲ್ಲ ಲೆಕ್ಕಕ್ಕೆ ತಗೊಂಡರೆ ತೊಗರಿಯ 17 ಗ್ರಾಂ, ಅದೊಂದನ್ನೇ ತಿಂದಾಗ, 11ರ ಹತ್ತಿರಕ್ಕೆ ಇಳಿಯುತ್ತೆ. ಮೊಟ್ಟೆಯ 9 ಒಂಬತ್ತಾಗೇ ಉಳಿಯುತ್ತೆ. ಅಂತರ ಅಷ್ಟೇನಿಲ್ಲ. ಜೊತೆಗೆ ಬೇಳೆ, ಸೋಯಾ, ಅಕ್ಕಿ ಯಾವುದರಲ್ಲೂ ಇಲ್ಲದ ಬಿ12 ಜೀವಸತ್ವ ಮೊಟ್ಟೆಯಲ್ಲಿದೆ. ಹಸಿವೇ ಇಲ್ಲದ ರೋಗಿಗೆ ಒಂದು ಬೇಯಿಸಿದ ಮೊಟ್ಟೆ ನಾಲ್ಕು ತುತ್ತಿನ ಕೆಲಸ.

ಆದರೆ ಮೊಟ್ಟೆಗೆ ಅಂಗಡಿ ಬೆಲೆ ಅಲ್ಲದೆ ಇನ್ನೊಂದು ಬೆಲೆಯೂ ಇದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಾಡಿಗೆ ಮನೆ ಕೇಳೋಕೆ ಹೋದಾಗ ಓನರಮ್ಮ ಜಾತಿ ಕೇಳಲಿಲ್ಲ. "ಮೊಟ್ಟೆ ಗಿಟ್ಟೆ ಬೇಯಿಸ್ತೀರಾ?" ಅಂತ ಕೇಳಿದರು. ಇಬ್ಬರಿಗೂ ಅರ್ಥ ಆಯ್ತು. ಆ ಮನೆಯಲ್ಲಿ ಎರಡು ವರ್ಷ ಮೊಟ್ಟೆ ಸಿಪ್ಪೆಯನ್ನ ಪೇಪರಿನಲ್ಲಿ ಸುತ್ತಿ ಆಫೀಸ್ ಬ್ಯಾಗಿನಲ್ಲಿ ಹಾಕ್ಕೊಂಡು ಹೋಗಿ ಬಸ್ ಸ್ಟ್ಯಾಂಡ್ ಕಸದ ಡಬ್ಬಕ್ಕೆ ಹಾಕ್ತಿದ್ದೆ. ಇನ್ನು ನಮ್ಮ ಕೇರಿಗಳಲ್ಲಿ ಭಾನುವಾರ ಬೇಯುತ್ತಿದ್ದ ದನದ ಬಾಡು, ಕಮ್ಮಿ ಬೆಲೆಗೆ ಒಳ್ಳೆ ಪ್ರೋಟೀನ್. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಅದನ್ನ ನಮ್ಮ ಪಟ್ಟಿಯಿಂದಲೇ ಕಿತ್ತು ಹಾಕಿತು. ಹಾಗಾಗಿ ಈ ಲೆಕ್ಕದಲ್ಲಿ ಅದು ಇಲ್ಲ. ಇಲ್ಲ ಅನ್ನೋದನ್ನ ಬರೆದಿಟ್ಟಿರೋಣ.

ಪನೀರ್ ಯಾಕೆ ಅಷ್ಟು ದುಬಾರಿ? ಒಂದು ಕೆಜಿ ಪನೀರಿಗೆ ಆರು ಲೀಟರ್ ಮೇಲೆ ಹಾಲು ಬೇಕು. ಹಾಲು ಒಡೆದಾಗ ಗಟ್ಟಿ ಪನೀರ್ ಆಗುತ್ತೆ, ಒಂದಷ್ಟು ಪ್ರೋಟೀನ್ ಮತ್ತು ಹಾಲಿನ ಸಕ್ಕರೆಯ ಅಂಶ ಬಹುಪಾಲು ನೀರಿನ ಜೊತೆ ಹೋಗುತ್ತೆ. ಅದರ ಮೇಲೆ ಕೂಲಿ, ಗ್ಯಾಸ್, ಫ್ರಿಡ್ಜ್, ಪ್ಯಾಕೆಟ್, ಲಾಭ. ಅದೇ ದುಡ್ಡಿಗೆ ಹಾಲೇ ಕುಡಿದರೆ ಒಂದೂವರೆ ಪಟ್ಟು ಪ್ರೋಟೀನ್ ಸಿಗುತ್ತೆ. ಪನೀರ್ ಕೆಟ್ಟದ್ದಲ್ಲ, ಒಳ್ಳೆ ಪ್ರೋಟೀನೇ. ಆದರೆ 33 ರೂಪಾಯಿ ಪೂರ್ತಿ ಪನೀರಿಗೆ ಹಾಕಿದ್ರೂ ಸಿಗೋದು 82 ಗ್ರಾಂ ತುಂಡು, 15 ಗ್ರಾಂ ಪ್ರೋಟೀನ್. ಇನ್ನೂರು ರೂಪಾಯಿಗೆ ಕೆಜಿ ಪನೀರ್ ಕೊಡ್ತೀವಿ ಅನ್ನೋರು ಸಿಕ್ಕರೆ ಹುಷಾರು. ಆ ಬೆಲೆಗೆ ಹಾಲೇ ಬರಲ್ಲ. ಅದು ಎಣ್ಣೆಯನ್ನೋ ಪಿಷ್ಟವನ್ನೋ ಸೇರಿಸಿದ್ದಿರುತ್ತೆ.

ಈಗ ನನ್ನನ್ನ ತುಂಬಾ ಕಾಡಿದ ವಿಷಯ, ಸಾರಿನ ನೀರು.

"ನಾವು ದಿನಾ ಬೇಳೆ ಸಾರೇ ಅಲ್ವಾ ಅಣ್ಣ ತಿನ್ನೋದು?" ಅಂದಿದ್ದಳು ಆ ತಂಗಿ. ಹೌದು. ಎಷ್ಟು ಬೇಳೆ ಹಾಕ್ತೀಯ ಅಂದೆ. ಕೈಯಲ್ಲಿ ತೋರಿಸಿದ್ಲು, ಎರಡು ಹಿಡಿ. ಅಂಗಡಿಗೆ ಹೋಗಿ ತೂಗಿಸಿದೆ, ಸುಮಾರು ನೂರು ಗ್ರಾಂ. ನಾಲ್ಕು ಜನಕ್ಕೆ, ಎರಡು ಹೊತ್ತಿಗೆ. ಅಂದರೆ ಒಬ್ಬರಿಗೆ ಇಡೀ ದಿನಕ್ಕೆ 25 ಗ್ರಾಂ ಬೇಳೆ, ಐದೂವರೆ ಗ್ರಾಂ ಪ್ರೋಟೀನ್. ಸಾರಿನ ಬಣ್ಣ ಇದೆ, ಪರಿಮಳ ಇದೆ, ಬೇಳೆ ತಳದಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳೋದು ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ ಇರಬೇಕು ಅಂತ. ಆ ಮನೆಯಲ್ಲಿ ದಿನಕ್ಕೆ ಒಂದೂಕಾಲು ಕೆಜಿ ಮೇಲೆ ಅಕ್ಕಿ ರಾಗಿ ಬೇಯುತ್ತಿತ್ತು, ಬೇಳೆ ನೂರು ಗ್ರಾಂ. ಹನ್ನೆರಡಕ್ಕೆ ಒಂದು.

ಹುರುಳಿಯ ಕತೆ ಇನ್ನೂ ಖಾರ. ಪಟ್ಟಿಯಲ್ಲಿ ಎರಡನೇ ಸ್ಥಾನ ಅದಕ್ಕೆ. ನಮ್ಮಜ್ಜಿ ಹುರುಳಿ ಕಟ್ಟಿನ ಸಾರನ್ನ ಹೊಗಳದ ದಿನ ಇಲ್ಲ. ಆ ಕಟ್ಟು ಎಲ್ಲಿಂದ ಬರ್ತಿತ್ತು? ಗೌಡರ ಮನೆ ಎತ್ತುಗಳಿಗೆ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯಿಸೋರು. ಬೆಂದ ಕಾಳು ಎತ್ತಿಗೆ, ಬಸಿದ ನೀರು ಬೇಯಿಸಿದ ಆಳಿಗೆ. ಪ್ರೋಟೀನಿನ ಹೆಚ್ಚು ಭಾಗ ಕಾಳಿನಲ್ಲೇ ಉಳಿಯುತ್ತೆ, ನೀರಿಗೆ ಬರೋದು ಸ್ವಲ್ಪ. ಅಂದರೆ ನಮ್ಮಜ್ಜಿಗಿಂತ ಆ ಎತ್ತು ಚೆನ್ನಾಗಿ ತಿಂದಿತ್ತು. ರುಚಿ ನಮ್ಮದಾಯ್ತು, ಕಾಳು ನಮ್ಮದಾಗಲಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಕಟ್ಟನ್ನ ಸಾರಿಗೆ ತಗೊಂಡು ಕಾಳನ್ನ ಅರೆಬರೆ ಬಿಡ್ತಾರೆ. ದಯವಿಟ್ಟು ಕಾಳು ತಿನ್ನಿ. ರಾತ್ರಿ ನೆನೆಸಿ, ಆದ್ರೆ ಮೊಳಕೆ ಕಟ್ಟಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಹುರುಳಿ ಗಟ್ಟಿ ಕಾಳು, ನೆನೆಸದೆ ಬೇಯಿಸಿದ್ರೆ ಗ್ಯಾಸೂ ಖರ್ಚು, ಹೊಟ್ಟೆಯಲ್ಲೂ ಗ್ಯಾಸು. ಸಿಲಿಂಡರ್ ತೀರಿಹೋಗೋ ಭಯ ಇರೋ ಮನೆಗೆ ಮಸೂರ್ ಸುಲಭ. ನೆನೆಸೋದೂ ಬೇಡ, ಬೇಗ ಬೇಯುತ್ತೆ, ತೊಗರಿ ಜೊತೆ ಅರ್ಧಕ್ಕರ್ಧ ಸೇರಿಸಿದ್ರೆ ಸಾರಿನ ರುಚಿ ಅಷ್ಟೇನೂ ಬದಲಾಗಲ್ಲ.

ಹೀಗೆಲ್ಲ ಯೋಚನೆ ಮಾಡಿ ಅವನಿಗೆ ಒಂದು ಪಟ್ಟಿ ಮಾಡಿದೆ. ಆಸ್ಪತ್ರೆಯಲ್ಲಿ ಹೇಳಿದ್ದು, ಇರಬೇಕಾದ ತೂಕದ ಪ್ರತಿ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್, 40 ಕ್ಯಾಲೊರಿ. 55 ಕೆಜಿಗೆ ಗುಣಿಸಿದ್ರೆ ದಿನಕ್ಕೆ 66ರಿಂದ 82 ಗ್ರಾಂ ಪ್ರೋಟೀನ್, 2200 ಕ್ಯಾಲೊರಿ. ರೇಷನ್ ಅಕ್ಕಿ 300 ಗ್ರಾಂ, ರಾಗಿ 150 ಗ್ರಾಂ ಅವನು ಹೇಗೋ ತಿಂತಾನೆ. ಅದರಲ್ಲಿ ಬರೋದು 33 ಗ್ರಾಂ, 1500 ಕ್ಯಾಲೊರಿ. ಕೊರತೆ ಸುಮಾರು 40 ಗ್ರಾಂ ಪ್ರೋಟೀನ್, 700 ಕ್ಯಾಲೊರಿ. ಕೈಯಲ್ಲಿರೋದು 33 ರೂಪಾಯಿ.

ಮನೆಯಲ್ಲಿ ತಕ್ಕಡಿ ಇಲ್ಲ. ಅದಕ್ಕೆ ದಿನದ ಗ್ರಾಂ ಹೇಳದೆ ತಿಂಗಳ ಸಾಮಾನಿನ ಚೀಟಿ ಬರೆದೆ:

ಮೊಟ್ಟೆ 60, ದಿನಕ್ಕೆ ಎರಡು: 420 ರೂ.
ಮಸೂರ್ ಅಥವಾ ಕಡಲೆಬೇಳೆ ಒಂದೂವರೆ ಕೆಜಿ: 142 ರೂ.
ಕಡಲೆಕಾಯಿ ಬೀಜ 900 ಗ್ರಾಂ: 135 ರೂ.
ಬಿಡಿ ಸೋಯಾ 600 ಗ್ರಾಂ: 84 ರೂ.
ಅಡುಗೆ ಎಣ್ಣೆ 450 ಎಂಎಲ್: 67 ರೂ.
ಹಾಲು 3 ಲೀಟರ್, ದಿನಕ್ಕೆ ಅರ್ಧ ಲೋಟ: 138 ರೂ.
ಒಟ್ಟು: 986 ರೂ.

ದಿನಕ್ಕೆ ಭಾಗಿಸಿದ್ರೆ 44 ಗ್ರಾಂ ಪ್ರೋಟೀನ್, 710 ಕ್ಯಾಲೊರಿಗೂ ಸ್ವಲ್ಪ ಜಾಸ್ತಿ. ಮೊದಲನೇ ತಿಂಗಳ 7 ಗ್ರಾಂ ಎಲ್ಲಿ, ಈ 44 ಎಲ್ಲಿ. ದುಡ್ಡು ಅದೇ. ಸರಿಯಾಗಿ ತಿಂತಿದಾನಾ ಅಂತ ತಿಳಿಯೋಕೆ ತೂಗಬೇಕಿಲ್ಲ. ಅರ್ಧ ಕೆಜಿ ಬೇಳೆ ಹತ್ತು ದಿನಕ್ಕೆ ಖಾಲಿ ಆಗಬೇಕು. ಹದಿನೈದು ದಿನ ಬಂದರೆ ಅವನು ತಿನ್ನುತ್ತಿಲ್ಲ. ಐದೇ ದಿನಕ್ಕೆ ಮುಗಿದರೆ ಅವನೊಬ್ಬನೇ ತಿನ್ನುತ್ತಿಲ್ಲ.

ಸೋಯಾ ದಿನಕ್ಕೆ 20 ಗ್ರಾಂ ಮಾತ್ರ ಇಟ್ಟೆ. ಮೊದಮೊದಲು ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸುತ್ತೆ, ಆಮೇಲೆ ಅದರ ಮುಖ ಕಂಡ್ರೇ ಬೇಡ ಅಂತಾರೆ. ಬಿಸಿನೀರಿಗೆ ಉಪ್ಪು ಹಾಕಿ ಹತ್ತು ನಿಮಿಷ ನೆನೆಸಿ, ಹಿಂಡಿ, ತಣ್ಣೀರಲ್ಲಿ ಎರಡು ಸಲ ತೊಳೆದು ಮತ್ತೆ ಹಿಂಡಿದ್ರೆ ಆ ಒಗರು ವಾಸನೆ ಹೋಗುತ್ತೆ. ಆಮೇಲೆ ಬಾಡಿನ ಸಾರಿಗೆ ಹಾಕೋ ಮಸಾಲೆಯಲ್ಲೇ ಬೇಯಿಸಿ. ಒಲ್ಲೆ ಅನ್ನೋ ಮಕ್ಕಳಿಗೆ ಒಣಗಿರುವಾಗಲೇ ಮಿಕ್ಸಿಯಲ್ಲಿ ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ ಬೆರೆಸಬಹುದು. ಕಿಡ್ನಿ ತೊಂದರೆ ಇರೋರು ಇಷ್ಟು ಪ್ರೋಟೀನ್ ಶುರು ಮಾಡೋ ಮುಂಚೆ ಡಾಕ್ಟರನ್ನ ಕೇಳಿ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಮಾತ್ರೆಗೂ ಸೋಯಾಕ್ಕೂ ಕೆಲವು ಗಂಟೆ ಅಂತರ ಬಿಡಿ.

ಲೆಕ್ಕ ಸರಿಹೋಯ್ತು ಅಂತ ನಾನು ಹೆಮ್ಮೆಯಿಂದ ಮನೆಗೆ ಬಂದೆ. ಎರಡನೇ ತಿಂಗಳ ಕೊನೆಯಲ್ಲಿ ತೂಕ ನೋಡಿದ್ರೆ 42. ಮುನ್ನೂರು ಗ್ರಾಂ ಇದ್ದದ್ದು ಒಂದು ಕೆಜಿ ಆಗಿತ್ತು, ಅಷ್ಟೇ.

ಯಾಕೆ ಅಂತ ಬೈಯೋಕೇ ಹೋದೆ. ಅವನು ತಲೆ ತಗ್ಗಿಸಿ ಕೂತಿದ್ದ. "ಅಣ್ಣ, ನನ್ನ ಮುಂದೆ ಎರಡು ಮೊಟ್ಟೆ ಇಡ್ತಾಳೆ. ಹುಡುಗ ಅನ್ನ ಸಾರು ಕಲಸ್ಕೊಂಡು ಕೂತಿರ್ತಾನೆ. ನನ್ನ ಗಂಟಲಲ್ಲಿ ಇಳಿಯುತ್ತಾ ಹೇಳು?" ಅಂದ. ಮಗಳಿಗೆ ಶಾಲೆಯಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತೆ. ನಾವೆಲ್ಲ ಬೀದಿಗಿಳಿದು ಉಳಿಸಿಕೊಂಡ ಮೊಟ್ಟೆ ಅದು. ಆದರೆ ಹತ್ತನೇ ಕ್ಲಾಸಿಗೆ ಅದು ನಿಲ್ಲುತ್ತೆ. ಪಿಯುಸಿ ಹುಡುಗನಿಗೆ ಇಲ್ಲ. ಹದಿನಾರು ದಾಟಿದ ಹುಡುಗನಿಗೆ ದಿನಕ್ಕೆ 55 ಗ್ರಾಂ ಪ್ರೋಟೀನ್ ಬೇಕು, ಅಪ್ಪನ ವಯಸ್ಸಿನ ಆರೋಗ್ಯವಂತ ಗಂಡಸಿಗೆ ಬೇಕಾದಷ್ಟೇ. ಎರಡು ಮೊಟ್ಟೆಯಲ್ಲಿ ಒಂದು ಮಗನ ತಟ್ಟೆಗೆ ಹೋಗ್ತಿತ್ತು. ಒಂದೂವರೆ ಕೆಜಿ ಬೇಳೆ ನಾಲ್ಕು ಜನರ ಪಾತ್ರೆಗೆ ಬೀಳ್ತಿತ್ತು. ಆ ತಂಗಿ ಏನು ತಿಂತಿದ್ದಳು ಅಂತ ನಾನು ಕೇಳಲೂ ಇಲ್ಲ. ಕೇಳಬೇಕಿತ್ತು.

ನನ್ನ ತಪ್ಪು ಅಲ್ಲಿತ್ತು. ಒಬ್ಬನ ತಟ್ಟೆಗೆ ಲೆಕ್ಕ ಹಾಕಿದ್ದೆ. ನಮ್ಮ ಮನೆಗಳಲ್ಲಿ ಒಬ್ಬನ ತಟ್ಟೆ ಅಂತ ಇರಲ್ಲ, ಒಂದು ಪಾತ್ರೆ ಇರುತ್ತೆ.

ಇದು ಬರೀ ಮನಸ್ಸಿನ ಮಾತಲ್ಲ. ಮಂಗಳೂರಿನ ಯೆನೆಪೊಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ತಂಡ ಜಾರ್ಖಂಡ್‌ನಲ್ಲಿ ಒಂದು ಅಧ್ಯಯನ ಮಾಡಿತು. ಹೆಸರು ರೇಷನ್ಸ್, 2023ರಲ್ಲಿ ಪ್ರಕಟವಾಯ್ತು. 2800 ಟಿಬಿ ರೋಗಿಗಳು, ಅವರ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಜನ. ರೋಗಿಗಳಿಗೆಲ್ಲ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಅರ್ಧದಷ್ಟು ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದದ್ದು ಸುಮಾರು ಶೇ. 39ರಷ್ಟು ಕಮ್ಮಿ. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ಶೇ. 5ರಷ್ಟು ತೂಕ ಏರಿದವರಲ್ಲಿ ಸಾವು ತುಂಬಾ ಕಮ್ಮಿ ಇತ್ತು. ನಮ್ಮ ತಮ್ಮನಿಗೆ ಶೇ. 5 ಅಂದರೆ ಎರಡು ಕೆಜಿ. ಅವನು ಏರಿದ್ದು ಒಂದು. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದೆ. ಉಳಿದ ಮೂವರಿಗೆ ತಲೆಗೆ ಒಂದೂವರೆ ಕೆಜಿಯಂತೆ ನಾಲ್ಕೂವರೆ ಕೆಜಿ ಮಸೂರ್, ಕಡಲೆ, 430 ರೂಪಾಯಿ. ಮಗನಿಗೆ ದಿನಕ್ಕೊಂದು ಮೊಟ್ಟೆ, 210. ಒಟ್ಟು 640. ಸಂಘಟನೆಯ ಎಂಟು ಜನ ತಲೆಗೆ 80 ರೂಪಾಯಿ ಹಾಕಿದ್ವಿ. ಹೋಟೆಲಿನಲ್ಲಿ ಒಂದು ಸಲ ಮಸಾಲೆ ದೋಸೆ ಕಾಫಿ ಬಿಟ್ಟಿದ್ದಷ್ಟೇ. ಸಾರು ಗಟ್ಟಿಯಾಯ್ತು. ಮೂರನೇ ತಿಂಗಳು 44 ಕೆಜಿ. ಆರನೇ ತಿಂಗಳು ಮಾತ್ರೆ ಮುಗಿದಾಗ 50. ಇನ್ನೂ ಐದು ಕೆಜಿ ಬಾಕಿ ಇದೆ. ಮೂಟೆ ಹೊರೋ ಕೆಲಸ ಬಿಟ್ಟು ಈಗ ಯಾರ್ಡಿನಲ್ಲೇ ತೂಕದ ಚೀಟಿ ಬರೆಯೋ ಕೆಲಸದಲ್ಲಿದ್ದಾನೆ.

ಎಂಟು ಜನರ 80 ರೂಪಾಯಿಯಲ್ಲಿ ಒಂದು ಮನೆ ನಡೆಯುತ್ತೆ, ಕೇರಿ ನಡೆಯಲ್ಲ. ಅದಕ್ಕೆ ಕೇಳಬೇಕಾದ್ದನ್ನ ಕೇಳೋಣ. ರೋಗಿಗೆ ಸಾವಿರ ಸರಿ, ಮನೆಯವರ ಪಾತ್ರೆಗೆ ಬೇಳೆ ಎಲ್ಲಿ? ಪಿಯುಸಿ ಮಕ್ಕಳಿಗೆ ಮೊಟ್ಟೆ ಎಲ್ಲಿ? ನಮ್ಮ ಮುಂದಿನ ಮನವಿಯಲ್ಲಿ ಇವೆರಡು ಬೇಡಿಕೆ ಸೇರಿಸ್ತಿದೀವಿ, ಜೊತೆಗೆ ಈ ಲೆಕ್ಕದ ಹಾಳೆ ಲಗತ್ತಿಸ್ತೀವಿ. ಬಾಯಿಮಾತಿಗೆ ತಲೆ ಅಲ್ಲಾಡಿಸೋ ಸಾಹೇಬರು ಅಂಕಿ ಇರೋ ಕಾಗದಕ್ಕೆ ಟಿಪ್ಪಣಿ ಬರೀಲೇಬೇಕಾಗುತ್ತೆ. ಅದು ನನಗೆ ಚೆನ್ನಾಗಿ ಗೊತ್ತು, ಆ ಟಿಪ್ಪಣಿ ಬರೆಯೋನು ನಾನೇ ಅಲ್ವಾ.

ನಿಮ್ಮೂರಿನ ಬೆಲೆ ಕಾಮೆಂಟಿನಲ್ಲಿ ಹಾಕಿ. ಮಸೂರ್, ಹುರುಳಿ, ಬಿಡಿ ಸೋಯಾ, ಮೊಟ್ಟೆ, ಈ ನಾಲ್ಕು ಸಾಕು. ಒಂದು ಜಿಲ್ಲೆಯದು ಸೇರಿದ ಮೇಲೆ ನಾನು ಕೂತು ಕೂಡ್ತೀನಿ.

ಜೈ ಭೀಮ್.